ಎರೆಯುವ ಕೈಗೆ ಸಿಕ್ಕ ಗಂಟು

ದೇವನಹಳ್ಳಿ ಸುತ್ತಲಿನ ಹಳ್ಳಿಗಳಲ್ಲಿ ಈಗಲೂ ಮಗುವಿಗೆ ಎರೆಯುವುದು ಅಜ್ಜಿಯ ಕೆಲಸ. ಅಜ್ಜಿ ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಹರಳೆಣ್ಣೆ ಹಚ್ಚಿ ಮೈಯೆಲ್ಲ ನೀವುತ್ತಾಳೆ. ಒಂದು ದಿನ ಪಕ್ಕೆಲುಬಿನ ಕೆಳಗೆ ಕೈ ನಿಲ್ಲುತ್ತದೆ. "ಇಲ್ಲೇನೋ ಗಟ್ಟಿ ಸಿಗ್ತೈತೆ ಕಣಮ್ಮ, ನೋಡು ಬಾ" ಎಂದು ಸೊಸೆಯನ್ನು ಕರೆಯುತ್ತಾಳೆ. ಚಿಕ್ಕ ಮಕ್ಕಳ ಹೊಟ್ಟೆಯ ಕ್ಯಾನ್ಸರ್ ಗಡ್ಡೆಗಳು ಹೆಚ್ಚಾಗಿ ಮೊದಲು ಸಿಕ್ಕಿಬೀಳುವುದು ಡಾಕ್ಟರ ಕೈಗಲ್ಲ. ಎರೆಯುವ ಕೈಗೆ, ಇಲ್ಲವೇ ಬಟ್ಟೆ ತೊಡಿಸುವ ಕೈಗೆ ಅವು ಸಿಗುತ್ತವೆ. ಆ ಕೈಗೆ ಎಳೆಯ ಚಕ್ಕೋತದಷ್ಟು ದೊಡ್ಡ ಗಂಟು ಸಿಗುವ ಹೊತ್ತಿಗೂ ಮಗು ಎಷ್ಟೋ ಸಲ ಆಡಿಕೊಂಡು, ಉಂಡುಕೊಂಡು ಇರುತ್ತದೆ. ದೊಡ್ಡವರನ್ನು ಮೋಸಗೊಳಿಸುವುದು ಇದೇ.

ಐದು ವರ್ಷದೊಳಗಿನ ಮಗುವಿನ ಹೊಟ್ಟೆಯಲ್ಲಿ ಗಂಟು ಸಿಕ್ಕರೆ ಅದು ಕ್ಯಾನ್ಸರೇ ಆಗಿರಬೇಕೆಂದಿಲ್ಲ. ಮೂತ್ರ ಕಟ್ಟಿಕೊಂಡು ಊದಿದ ಕಿಡ್ನಿ ಇರಬಹುದು, ಬೆಳೆದ ಗುಲ್ಮ ಇರಬಹುದು, ಬಹಳ ದಿನದ ಮಲಬದ್ಧತೆಯೂ ಇರಬಹುದು. ಆದರೆ ಕ್ಯಾನ್ಸರ್ ಆಗಿದ್ದರೆ ಮೊದಲು ನೆನೆಯಬೇಕಾದ ಹೆಸರು ಎರಡು. ಒಂದು ಕಿಡ್ನಿಯೊಳಗೇ ಹುಟ್ಟುವ ವಿಲ್ಮ್ಸ್ ಗಡ್ಡೆ. ಜರ್ಮನಿಯ ಶಸ್ತ್ರವೈದ್ಯ ಮ್ಯಾಕ್ಸ್ ವಿಲ್ಮ್ಸ್ 1899ರಲ್ಲಿ ಇದನ್ನು ವಿವರವಾಗಿ ಬರೆದದ್ದರಿಂದ ಈ ಹೆಸರು ಬಂತು. ಇನ್ನೊಂದು ನ್ಯೂರೋಬ್ಲಾಸ್ಟೋಮಾ. ಕಿಡ್ನಿಯ ತಲೆಯ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಯಲ್ಲಿ, ಇಲ್ಲವೇ ಬೆನ್ನುಮೂಳೆಯ ಪಕ್ಕದಲ್ಲಿ ಸಾಗುವ ನರಗಳ ಸರಣಿಯಲ್ಲಿ ಅದು ಹುಟ್ಟುತ್ತದೆ. ಇವೆರಡೂ ಒಂದೇ ಜಾಗದಲ್ಲಿ ಕೈಗೆ ಸಿಗುತ್ತವೆ, ಸ್ವಭಾವ ಮಾತ್ರ ಬೇರೆ ಬೇರೆ.

ಗಡ್ಡೆ ಎಂದು ಗೊತ್ತಾದ ತಕ್ಷಣ ತಂದೆತಾಯಿ ಕೇಳುವುದು "ಎಷ್ಟನೇ ಸ್ಟೇಜು ಡಾಕ್ಟ್ರೇ?" ಎಂದು. ಇದು ನ್ಯಾಯವಾದ ಪ್ರಶ್ನೆ. ಆದರೆ ಈ ಎರಡು ಕಾಯಿಲೆಗಳಲ್ಲಿ ಸ್ಟೇಜ್ ಎಂಬ ಮಾತಿನ ಅರ್ಥ ಒಂದೇ ಅಲ್ಲ, ಅದನ್ನು ಬರೆಯುವ ಹೊತ್ತೂ ಒಂದೇ ಅಲ್ಲ. ಅದನ್ನು ತಿಳಿಯಲು ಇಬ್ಬರು ಮಕ್ಕಳನ್ನು ಕಲ್ಪಿಸಿಕೊಳ್ಳೋಣ. ಇವರು ಯಾರದೋ ಮನೆಯ ನಿಜ ಮಕ್ಕಳಲ್ಲ. ಈ ಕಾಯಿಲೆಗಳು ಸಾಮಾನ್ಯವಾಗಿ ನಡೆಯುವ ದಾರಿಯನ್ನು ತೋರಿಸಲು ಕಟ್ಟಿಕೊಂಡ ಉದಾಹರಣೆಗಳು.

ಮೊದಲನೆಯದು ಮೂರೂವರೆ ವರ್ಷದ ಹುಡುಗಿ. ಅಜ್ಜಿಗೆ ಬಲಪಕ್ಕೆಯಲ್ಲಿ ನುಣುಪಾದ, ನೋವಿಲ್ಲದ ಗಂಟು ಸಿಕ್ಕಿದೆ. ಜ್ವರವಿಲ್ಲ, ಸುಸ್ತಿಲ್ಲ. ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಒಂದು ಸಲ ಹಗುರವಾಗಿ ಮುಟ್ಟಿ ನೋಡಿ, ಆಮೇಲೆ ಯಾರೂ ಮುಟ್ಟಬೇಡಿ ಎಂದರು. ಚಿಕ್ಕ ಮಕ್ಕಳಿಗೆಂದೇ ಇರುವ ಪಟ್ಟಿ ಕಟ್ಟಿ ಬಿಪಿ ನೋಡಿದರೆ 130/90. ಆ ವಯಸ್ಸಿಗೆ ಇದು ತೀರಾ ಹೆಚ್ಚು. ವಿಲ್ಮ್ಸ್ ಗಡ್ಡೆ ಇರುವ ಸುಮಾರು ನಾಲ್ಕರಲ್ಲೊಂದು ಮಗುವಿಗೆ ಬಿಪಿ ಏರಿರುತ್ತದೆ, ಕೆಲವರಿಗೆ ಮೂತ್ರದಲ್ಲಿ ರಕ್ತ ಹೋಗುತ್ತದೆ. ಮಗುವಿನ ಬಿಪಿ ನೋಡುವ ಅಭ್ಯಾಸವೇ ನಮ್ಮಲ್ಲಿ ಕಡಿಮೆ. ಹಾಗಾಗಿ ಎರಡು ನಿಮಿಷದಲ್ಲಿ ಸಿಗಬಹುದಾದ ಸುಳಿವು ಅನೇಕ ಸಲ ತಪ್ಪಿಹೋಗುತ್ತದೆ.

ಮುಟ್ಟಬೇಡಿ ಎಂದದ್ದಕ್ಕೆ ಗಟ್ಟಿ ಕಾರಣವಿದೆ. ವಿಲ್ಮ್ಸ್ ಗಡ್ಡೆ ಒಳಗೆ ಮೆತ್ತಗಿರುತ್ತದೆ, ಅದನ್ನು ಹಿಡಿದಿಟ್ಟಿರುವುದು ತೆಳ್ಳನೆಯ ಒಂದು ಪೊರೆ. ಬಂದವರೆಲ್ಲ ಒತ್ತಿ ನೋಡಿದರೆ, ಹುಳ ಇರಬೇಕೆಂದು ಹರಳೆಣ್ಣೆ ಹಾಕಿ ಹೊಟ್ಟೆ ಉಜ್ಜಿದರೆ, ಆಟದಲ್ಲಿ ಬಿದ್ದು ಪೆಟ್ಟಾದರೆ ಪೊರೆ ಒಡೆಯಬಹುದು. ಒಡೆದರೆ ಒಳಗಿನ ಕ್ಯಾನ್ಸರ್ ಕಣಗಳು ಹೊಟ್ಟೆಯೆಲ್ಲ ಚೆಲ್ಲುತ್ತವೆ. ಒಂದನೇ ಹಂತದಲ್ಲಿದ್ದ ಗಡ್ಡೆ ಆ ಒಂದು ಕ್ಷಣದಲ್ಲಿ ಮೂರನೇ ಹಂತದ್ದಾಗುತ್ತದೆ. ಹೊಟ್ಟೆ ದಪ್ಪವಾದ ಮಗುವಿಗೆ ಬರೆ ಹಾಕಿಸುವ ಪದ್ಧತಿ ಕೆಲವು ಕಡೆ ಇನ್ನೂ ಉಳಿದಿದೆ. ಅದರಿಂದ ಮಗುವಿಗೆ ಸಿಗುವುದು ಸುಟ್ಟ ಗಾಯ, ಮನೆಯವರಿಗೆ ಸಿಗುವುದು ಕಳೆದುಹೋದ ವಾರಗಳು.

ಸ್ಕ್ಯಾನಿಂಗ್‌ನಲ್ಲಿ ನೋಡಬೇಕಾದ ಮೊದಲ ಸಂಗತಿ ಗಡ್ಡೆಯ ಗಾತ್ರವಲ್ಲ, ಅದು ಹುಟ್ಟಿದ ಮನೆ ಯಾವುದು ಎಂಬುದು. ಗಡ್ಡೆ ಕಿಡ್ನಿಯೊಳಗಿಂದಲೇ ಬೆಳೆದಿದ್ದರೆ ಉಳಿದ ಕಿಡ್ನಿಯ ಅಂಚು ಅದನ್ನು ಏಡಿಯ ಕೊಂಬಿನಂತೆ ಎರಡು ಕಡೆಯಿಂದ ಕಚ್ಚಿ ಹಿಡಿದಿರುತ್ತದೆ. ಗಡ್ಡೆ ಅಡ್ರಿನಲ್‌ನಿಂದ ಬಂದಿದ್ದರೆ ಕಿಡ್ನಿ ಒಳಗೆ ಚೆನ್ನಾಗಿಯೇ ಇರುತ್ತದೆ, ಆದರೆ ಅದನ್ನು ಕೆಳಕ್ಕೂ ಹೊರಕ್ಕೂ ತಳ್ಳಲಾಗಿರುತ್ತದೆ. ವಿಲ್ಮ್ಸ್ ಗಡ್ಡೆ ದೊಡ್ಡ ರಕ್ತನಾಳಗಳನ್ನು ಪಕ್ಕಕ್ಕೆ ಸರಿಸುತ್ತದೆ. ನ್ಯೂರೋಬ್ಲಾಸ್ಟೋಮಾ ಅವನ್ನು ಸುತ್ತಿಕೊಳ್ಳುತ್ತದೆ, ಬೆನ್ನುಮೂಳೆಯ ಮೇಲಿರುವ ಮಹಾಧಮನಿಯನ್ನೇ ಮುಂದಕ್ಕೆ ಎತ್ತಿಬಿಡುತ್ತದೆ. ಅದರಲ್ಲಿ ಸುಣ್ಣದ ಚುಕ್ಕಿಗಳೂ ಹೆಚ್ಚು. ನಮ್ಮ ಹುಡುಗಿಯ ಸ್ಕ್ಯಾನಿಂಗ್‌ನಲ್ಲಿ ಕಂಡದ್ದು ಬಲ ಕಿಡ್ನಿಯ ಕೊಂಬಿನ ಹಿಡಿತದಲ್ಲಿದ್ದ 11 ಸೆಂಟಿಮೀಟರ್ ಗಡ್ಡೆ. ಎಡ ಕಿಡ್ನಿಯನ್ನೂ ಅಷ್ಟೇ ಎಚ್ಚರದಿಂದ ನೋಡಿದರು, ಏಕೆಂದರೆ ನೂರರಲ್ಲಿ ಐದಾರು ಮಕ್ಕಳಿಗೆ ಗಡ್ಡೆ ಎರಡೂ ಕಡೆ ಇರುತ್ತದೆ. ಕಿಡ್ನಿಯಿಂದ ಹೃದಯಕ್ಕೆ ಹೋಗುವ ದೊಡ್ಡ ಅಭಿಧಮನಿಯೊಳಗೆ ಗಡ್ಡೆಯ ಬಾಲ ನುಗ್ಗಿದೆಯೇ ಎಂದು ಡಾಪ್ಲರ್‌ನಲ್ಲಿ ನೋಡಿದರು, ಇರಲಿಲ್ಲ. ಆಮೇಲೆ ಹೊಟ್ಟೆ, ಎದೆ ಎರಡಕ್ಕೂ ಸಿಟಿ ಸ್ಕ್ಯಾನ್ ಆಯಿತು. ವಿಲ್ಮ್ಸ್ ಗಡ್ಡೆ ದೂರಕ್ಕೆ ಹೋಗುವುದಾದರೆ ಮೊದಲು ಹೋಗುವುದು ಶ್ವಾಸಕೋಶಕ್ಕೆ. ಆದ್ದರಿಂದ ಎದೆಯನ್ನು ನೋಡದ ಸ್ಕ್ಯಾನ್ ಅರ್ಧ ಸ್ಕ್ಯಾನ್. ಈ ಮಗುವಿನ ಎದೆಯಲ್ಲಿ ಏನೂ ಇರಲಿಲ್ಲ.

ಇಷ್ಟಾದ ಮೇಲೂ "ಎಷ್ಟನೇ ಸ್ಟೇಜು" ಎಂಬುದಕ್ಕೆ ಪೂರ್ತಿ ಉತ್ತರ ಸಿಕ್ಕಿಲ್ಲ. ದೂರಕ್ಕೆ ಹರಡಿಲ್ಲ, ಒಂದೇ ಕಿಡ್ನಿಯಲ್ಲಿದೆ ಎಂದಷ್ಟೇ ಹೇಳಬಹುದು. ಅಂದರೆ ಅದು ನಾಲ್ಕೂ ಅಲ್ಲ, ಐದೂ ಅಲ್ಲ. ಒಂದೋ ಎರಡೋ ಮೂರೋ ಎಂಬುದನ್ನು ಯಾವ ಸ್ಕ್ಯಾನೂ ತೀರ್ಮಾನಿಸುವುದಿಲ್ಲ. ಕಿಡ್ನಿ ಹೊರಬಂದ ಮೇಲೆ ಶಸ್ತ್ರವೈದ್ಯರು ಕಂಡದ್ದು, ಸೂಕ್ಷ್ಮದರ್ಶಕದ ಕೆಳಗೆ ಪೆಥಾಲಜಿಸ್ಟ್ ಕಂಡದ್ದು, ಇವೆರಡು ಸೇರಿ ಅದನ್ನು ತೀರ್ಮಾನಿಸುತ್ತವೆ. ಗಡ್ಡೆ ಕಿಡ್ನಿಯ ಗಡಿಯೊಳಗೇ ಇದ್ದು ಪೂರ್ತಿ ಹೊರಬಂದಿದ್ದರೆ ಒಂದನೇ ಹಂತ. ಗಡಿ ದಾಟಿದ್ದರೂ ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಎರಡನೆಯದು. ಹೊಟ್ಟೆಯಲ್ಲಿ ಏನಾದರೂ ಉಳಿದಿದ್ದರೆ, ಗಡ್ಡೆ ಒಡೆದಿದ್ದರೆ, ಇಲ್ಲವೇ ಹತ್ತಿರದ ದುಗ್ಧಗ್ರಂಥಿಗಳಲ್ಲಿ ಕಾಯಿಲೆ ಕಂಡರೆ ಮೂರನೆಯದು.

ಶಸ್ತ್ರಚಿಕಿತ್ಸೆ ಯಾವಾಗ ಎಂಬುದರಲ್ಲಿ ಜಗತ್ತಿನಲ್ಲಿ ಎರಡು ದಾರಿಗಳಿವೆ. ಅಮೆರಿಕದವರು ಹೆಚ್ಚಾಗಿ ಮೊದಲೇ ಗಡ್ಡೆ ತೆಗೆದು ಆಮೇಲೆ ಕೀಮೊ ಕೊಡುತ್ತಾರೆ. ಯುರೋಪಿನ ದಾರಿಯಲ್ಲಿ ಮೊದಲು ನಾಲ್ಕು ವಾರ ಕೀಮೊ, ಆಮೇಲೆ ಶಸ್ತ್ರಚಿಕಿತ್ಸೆ. ಮೊದಲೇ ತೆಗೆದರೆ ಔಷಧಿ ತಾಗದ ಗಡ್ಡೆಯ ನಿಜ ರೂಪ ಕಾಣುತ್ತದೆ. ಕೀಮೊ ಮೊದಲಾದರೆ ಗಡ್ಡೆ ಕುಗ್ಗಿ, ಸುತ್ತಲಿನ ಪೊರೆ ಗಟ್ಟಿಯಾಗಿ, ತೆಗೆಯುವಾಗ ಒಡೆಯುವ ಭಯ ಕಡಿಮೆಯಾಗುತ್ತದೆ. ನಮ್ಮಲ್ಲಿ ಮಕ್ಕಳು ಬರುವಾಗಲೇ ಗಡ್ಡೆ ದೊಡ್ಡದಾಗಿರುವುದರಿಂದ ಅನೇಕ ಕೇಂದ್ರಗಳು ಎರಡನೆಯ ದಾರಿ ಹಿಡಿಯುತ್ತವೆ. ಅದರಿಂದ ಒಂದು ಮಾತು ನೆನಪಿರಬೇಕು. ಅಮೆರಿಕದ ಲೆಕ್ಕದ ಎರಡನೇ ಹಂತವೂ ಯುರೋಪಿನ ಲೆಕ್ಕದ ಎರಡನೇ ಹಂತವೂ ಒಂದೇ ಅಲ್ಲ. ಒಂದು ಕೀಮೊಗೆ ಮುಂಚಿನದು, ಇನ್ನೊಂದು ಕೀಮೊ ಆದ ಮೇಲಿನದು. ಮೊಬೈಲಿನಲ್ಲಿ ಓದಿದ ಅಂಕಿಯನ್ನು ತಮ್ಮ ಮಗುವಿನ ಕಾಗದಕ್ಕೆ ಹೋಲಿಸಿ ಮನಸ್ಸು ಕೆಡಿಸಿಕೊಳ್ಳುವ ಮೊದಲು ಇದು ತಿಳಿದಿದ್ದರೆ ಒಳ್ಳೆಯದು.

ನಮ್ಮ ಹುಡುಗಿಗೆ ನಾಲ್ಕು ವಾರ ವಿನ್‌ಕ್ರಿಸ್ಟಿನ್ ಮತ್ತು ಆಕ್ಟಿನೋಮೈಸಿನ್ ಕೊಟ್ಟರು. 11 ಸೆಂಟಿಮೀಟರ್ ಇದ್ದದ್ದು 7ಕ್ಕೆ ಇಳಿಯಿತು. ಶಸ್ತ್ರವೈದ್ಯರು ಕಿಡ್ನಿಯನ್ನು ಗಡ್ಡೆಯ ಸಮೇತ ಇಡಿಯಾಗಿ ತೆಗೆದರು, ಎಲ್ಲೂ ಒಡೆಯಲಿಲ್ಲ. ಅಷ್ಟಕ್ಕೇ ನಿಲ್ಲದೆ ಪಕ್ಕದ ಎಂಟು ದುಗ್ಧಗ್ರಂಥಿಗಳನ್ನೂ ತೆಗೆದು ಕಳಿಸಿದರು. ಗ್ರಂಥಿಗಳು ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿದ್ದವು. ಪೆಥಾಲಜಿ ವರದಿ ಬಂದಾಗ ಗಡ್ಡೆ ಕಿಡ್ನಿಯ ಗಡಿ ದಾಟಿ ಸುತ್ತಲಿನ ಕೊಬ್ಬಿಗೆ ಇಳಿದಿತ್ತು, ಆದರೆ ಅಂಚು ಶುದ್ಧವಾಗಿತ್ತು. ಇಲ್ಲಿಗೆ ಎರಡನೇ ಹಂತ. ಮುಂದಿನ ಸಾಲಿನಲ್ಲಿ, ಎಂಟು ಗ್ರಂಥಿಗಳಲ್ಲಿ ಒಂದರಲ್ಲಿ ಕ್ಯಾನ್ಸರ್ ಕಣಗಳಿವೆ ಎಂದಿತ್ತು. ಅಲ್ಲಿಗೆ ಮೂರನೇ ಹಂತ. ಆ ಒಂದು ಸಾಲಿನಿಂದ ಚಿಕಿತ್ಸೆಗೆ ಪಕ್ಕೆಯ ವಿಕಿರಣ ಸೇರಿತು.

ಈಗ ಆ ಎಂಟು ಗ್ರಂಥಿಗಳನ್ನು ತೆಗೆಯದೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಕಾಗದದಲ್ಲಿ ಎರಡನೇ ಹಂತ ಎಂದೇ ಇರುತ್ತಿತ್ತು, ಮನೆಯವರಿಗೆ ಸಮಾಧಾನವೂ ಆಗುತ್ತಿತ್ತು. ವಿಕಿರಣ ಇರುತ್ತಿರಲಿಲ್ಲ, ಕಾಯಿಲೆ ಹೊಟ್ಟೆಯಲ್ಲೇ ಮರುಕಳಿಸುವ ಅಪಾಯ ಮಾತ್ರ ಹಾಗೇ ಉಳಿಯುತ್ತಿತ್ತು. ವಿಲ್ಮ್ಸ್ ಗಡ್ಡೆಯ ಹಂತ ನಿರ್ಣಯದಲ್ಲಿ ಪದೇ ಪದೇ ಆಗುವ ತಪ್ಪು ಇದೇ. ಗ್ರಂಥಿ ನೋಡದಿದ್ದ ಮಾತ್ರಕ್ಕೆ ಅಲ್ಲಿ ಕಾಯಿಲೆ ಇಲ್ಲವೆಂದಾಗುವುದಿಲ್ಲ. ಯುರೋಪಿನ ಈಗಿನ ನಿಯಮ ಕನಿಷ್ಠ ಏಳು ಗ್ರಂಥಿಗಳನ್ನು ತೆಗೆದು ನೋಡಿ ಎನ್ನುತ್ತದೆ. ಶಸ್ತ್ರಚಿಕಿತ್ಸೆ ಆದ ಮಗುವಿನ ತಂದೆತಾಯಿ ಡಾಕ್ಟರನ್ನು ಸಂಕೋಚವಿಲ್ಲದೆ ಕೇಳಬಹುದಾದ ಪ್ರಶ್ನೆ ಒಂದಿದೆ: "ಎಷ್ಟು ಗ್ರಂಥಿ ತೆಗೆದು ನೋಡಿದಿರಿ, ಏನು ಬಂತು?"

ಹಂತದ ಜೊತೆಗೆ ಗಡ್ಡೆಯ ಜಾತಿಯೂ ಅಷ್ಟೇ ಮುಖ್ಯ. ಕಣಗಳು ವಿಕಾರವಾಗಿ ಬೆಳೆದ ಒಂದನೇ ಹಂತದ ಗಡ್ಡೆಗಿಂತ, ಸಾಧು ಜಾತಿಯ ಗಡ್ಡೆ ಶ್ವಾಸಕೋಶಕ್ಕೆ ಹರಡಿದ್ದರೂ ಔಷಧಿಗೆ ಚೆನ್ನಾಗಿ ಬಗ್ಗಬಹುದು. ಆದ್ದರಿಂದ ವಿಲ್ಮ್ಸ್‌ನಲ್ಲಿ "ನಾಲ್ಕನೇ ಸ್ಟೇಜು" ಎಂದರೆ ದೊಡ್ಡವರ ಕ್ಯಾನ್ಸರಿನಲ್ಲಿ ಆ ಮಾತಿಗಿರುವ ಅರ್ಥವಲ್ಲ, ಕೈಬಿಡುವ ಮಾತಂತೂ ಅಲ್ಲವೇ ಅಲ್ಲ. ಚಿಕಿತ್ಸೆ ಪೂರ್ತಿ ಸಿಗುವ ಶ್ರೀಮಂತ ದೇಶಗಳಲ್ಲಿ ವಿಲ್ಮ್ಸ್ ಗಡ್ಡೆಯ ನೂರು ಮಕ್ಕಳಲ್ಲಿ ಸುಮಾರು ತೊಂಬತ್ತು ಮಕ್ಕಳು ಉಳಿಯುತ್ತಾರೆ.

ಎರಡನೆಯ ಮಗು ಎರಡೂವರೆ ವರ್ಷದ ಹುಡುಗ. ಇವನದು ಗಂಟಿನಿಂದ ಶುರುವಾಗಲಿಲ್ಲ. ಒಂದು ತಿಂಗಳಿಂದ ಕುಂಟುತ್ತಿದ್ದ, ಎತ್ತಿಕೊಂಡರೆ ಅಳುತ್ತಿದ್ದ. ಬೆಳೆಯುವ ನೋವು ಎಂದರು. ಮುಖ ಬಿಳಿಚಿಕೊಂಡಿತು, ರಕ್ತ ಕಡಿಮೆಯೆಂದು ಕಬ್ಬಿಣದ ಟಾನಿಕ್ ಬಂತು. ಬಿಟ್ಟು ಬಿಟ್ಟು ಜ್ವರ ಬಂತು. ಕೊನೆಗೆ ಎರಡು ಕಣ್ಣಿನ ಸುತ್ತ ಪೆಟ್ಟು ಬಿದ್ದಂತೆ ಕಪ್ಪುನೀಲಿ ಕಲೆ ಮೂಡಿತು. ಬಿದ್ದಿರಬೇಕು ಎಂದರು ಕೆಲವರು, ದೃಷ್ಟಿಯಾಗಿದೆ ಎಂದರು ಕೆಲವರು. ಬಟ್ಟೆ ಬಿಚ್ಚಿ ಹೊಟ್ಟೆ ಮುಟ್ಟಿ ನೋಡಿದ ಡಾಕ್ಟರಿಗೆ ಎಡಗಡೆ ಗಂಟು ಸಿಕ್ಕಿತು. ಕಲ್ಲಿನಂತೆ ಗಟ್ಟಿ, ಉಬ್ಬುತಗ್ಗು, ಹೊಕ್ಕಳಿನ ಗೆರೆ ದಾಟಿ ಬಲಕ್ಕೂ ಚಾಚಿತ್ತು. ಕಣ್ಣಿನ ಕಪ್ಪು, ಕಾಲಿನ ನೋವು, ಬಿಳಿಚಿದ ಮುಖ ಮೂರೂ ಒಂದೇ ಕಾಯಿಲೆಯವು. ನ್ಯೂರೋಬ್ಲಾಸ್ಟೋಮಾ ಕಣ್ಣಗೂಡಿನ ಮೂಳೆಗೂ ಕಾಲಿನ ಮೂಳೆಗೂ ಹೋಗಿತ್ತು, ರಕ್ತ ಹುಟ್ಟುವ ಮೂಳೆಮಜ್ಜೆಯಲ್ಲೂ ಜಾಗ ಹಿಡಿದಿತ್ತು.

ಈ ಕಾಯಿಲೆಯಲ್ಲಿ ಹಂತವನ್ನು ಶಸ್ತ್ರಚಿಕಿತ್ಸೆಯವರೆಗೆ ಕಾಯಿಸುವುದಿಲ್ಲ. ಮೊದಲು ಮೂತ್ರ ಪರೀಕ್ಷೆ. ಈ ಗಡ್ಡೆ ಅಡ್ರಿನಲಿನ್ ಜಾತಿಯ ರಾಸಾಯನಿಕಗಳನ್ನು ಸುರಿಸುತ್ತದೆ, ಅವುಗಳ ಉಳಿಕೆ ವಿಎಂಎ ಮತ್ತು ಎಚ್‌ವಿಎ ಎಂಬ ಹೆಸರಲ್ಲಿ ಮೂತ್ರಕ್ಕೆ ಬರುತ್ತದೆ. ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳಲ್ಲಿ ಇದು ಏರಿರುತ್ತದೆ. ಆಮೇಲೆ ಸೊಂಟದ ಎರಡೂ ಬದಿಯ ಮೂಳೆಯಿಂದ ಮಜ್ಜೆ ತೆಗೆಯುತ್ತಾರೆ. ಒಂದು ಕಡೆ ತೆಗೆದರೆ ಸಾಲದೇ ಎಂದು ಮನೆಯವರು ಕೇಳುವುದುಂಟು. ಕಾಯಿಲೆ ಮಜ್ಜೆಯಲ್ಲಿ ಒಂದೇ ಸಮನಾಗಿ ಹರಡಿರುವುದಿಲ್ಲ, ಅಲ್ಲಲ್ಲಿ ಕೂತಿರುತ್ತದೆ. ಒಂದು ಬದಿಯಲ್ಲಿ ಸಿಗದ್ದು ಇನ್ನೊಂದು ಬದಿಯಲ್ಲಿ ಸಿಗಬಹುದು. ನಂತರ ಎಂಐಬಿಜಿ ಎಂಬ ಸ್ಕ್ಯಾನ್. ಈ ಗಡ್ಡೆಯ ಕಣಗಳು ಇಷ್ಟಪಟ್ಟು ಹೀರಿಕೊಳ್ಳುವ ವಸ್ತುವಿಗೆ ಸ್ವಲ್ಪ ವಿಕಿರಣ ಸೇರಿಸಿ ಕೊಟ್ಟರೆ ಕಾಯಿಲೆ ಕೂತ ಜಾಗಗಳೆಲ್ಲ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತವೆ. ಕೊನೆಗೆ ಗಡ್ಡೆಯ ಒಂದು ಚೂರು ಬೇಕು. ಅದು ಹೆಸರನ್ನು ಖಚಿತಪಡಿಸಲು ಮಾತ್ರವಲ್ಲ, ಎಂವೈಸಿಎನ್ ಎಂಬ ಜೀನು ಹಲವು ಪಟ್ಟು ಹೆಚ್ಚಿದೆಯೇ ಎಂದು ನೋಡಲೂ ಬೇಕು. ಅದು ಹೆಚ್ಚಿದ್ದರೆ ಕಾಯಿಲೆ ಉಗ್ರ.

2009ರಿಂದ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ನ್ಯೂರೋಬ್ಲಾಸ್ಟೋಮಾಕ್ಕೆ ಒಂದು, ಎರಡು, ಮೂರು ಎಂಬ ಅಂಕಿಗಳೇ ಇಲ್ಲ. ಗಡ್ಡೆ ಒಂದೇ ಕಡೆ ಇದ್ದು, ದೊಡ್ಡ ರಕ್ತನಾಳಗಳನ್ನು ಸುತ್ತಿಕೊಳ್ಳುವಂಥ ತೊಡಕು ಸ್ಕ್ಯಾನ್‌ನಲ್ಲಿ ಕಾಣದಿದ್ದರೆ ಎಲ್1. ಅಂಥ ತೊಡಕು ಒಂದಾದರೂ ಇದ್ದರೆ ಎಲ್2. ದೂರಕ್ಕೆ ಹರಡಿದ್ದರೆ ಎಂ. ನಾಲ್ಕನೆಯದೊಂದಿದೆ, ಎಂಎಸ್. ಅದು ಕ್ಯಾನ್ಸರ್ ಶಾಸ್ತ್ರದಲ್ಲೇ ಬೆರಗಿನ ಸಂಗತಿ.

ಅದು ಗೊತ್ತಾಗಬೇಕಾದರೆ ಐದು ತಿಂಗಳ ಒಂದು ಕೂಸನ್ನು ನೆನೆಯೋಣ. ಅಡ್ರಿನಲ್‌ನಲ್ಲಿ ಸಣ್ಣ ಗಡ್ಡೆ, ಲಿವರ್ ಊದಿದೆ, ಚರ್ಮದ ಕೆಳಗೆ ನೀಲಿ ಗಂಟುಗಳು, ಮಜ್ಜೆಯಲ್ಲಿ ಅಲ್ಲೊಂದು ಇಲ್ಲೊಂದು ಕ್ಯಾನ್ಸರ್ ಕಣ. ದೊಡ್ಡವರಲ್ಲಿ ಇಷ್ಟು ಹರಡಿದ್ದರೆ ಎದೆ ಒಡೆಯುವ ಸುದ್ದಿ. ಆದರೆ 18 ತಿಂಗಳೊಳಗಿನ ಮಗುವಿನಲ್ಲಿ ಕಾಯಿಲೆ ಚರ್ಮ, ಲಿವರ್, ಮಜ್ಜೆ ಇಷ್ಟಕ್ಕೇ ನಿಂತಿದ್ದು, ಮಜ್ಜೆಯಲ್ಲಿ ಶೇಕಡಾ 10ಕ್ಕಿಂತ ಕಡಿಮೆ ಇದ್ದು, ಗಟ್ಟಿ ಮೂಳೆಗೆ ಹೋಗಿರದಿದ್ದರೆ ಅದು ಎಂಎಸ್. ಜೀನಿನ ದೋಷವೂ ಇಲ್ಲದಿದ್ದರೆ ಅನೇಕ ಸಲ ಗಡ್ಡೆ ತಾನಾಗಿಯೇ ಕರಗಿಹೋಗುತ್ತದೆ. ಡಾಕ್ಟರು ಔಷಧಿ ಕೊಡದೆ ಮತ್ತೆ ಮತ್ತೆ ಕರೆಸಿ ನೋಡುತ್ತಾರೆ. ಊದಿದ ಲಿವರ್ ಉಸಿರಾಟಕ್ಕೆ ಅಡ್ಡ ಬಂದರೆ ಮಾತ್ರ ಸುಮ್ಮನಿರದೆ ತಕ್ಷಣ ಚಿಕಿತ್ಸೆ ಶುರು ಮಾಡುತ್ತಾರೆ.

ಗಡ್ಡೆ ಹೀಗೆ ಕರಗುತ್ತದೆಂಬುದನ್ನು ಜಪಾನ್ ದೊಡ್ಡ ಪಾಠವಾಗಿ ಕಲಿಯಿತು. 1980ರ ದಶಕದಲ್ಲಿ ಅಲ್ಲಿ ಆರು ತಿಂಗಳ ಕೂಸುಗಳಿಗೆಲ್ಲ ಮೂತ್ರ ಪರೀಕ್ಷೆ ಮಾಡುವ ಯೋಜನೆ ಬಂತು. ಬೇಗ ಹಿಡಿದರೆ ಬೇಗ ಉಳಿಸಬಹುದು ಎಂಬ ಸರಳ ನಂಬಿಕೆ ಅದು. ಕೂಸುಗಳಲ್ಲಿ ಗಡ್ಡೆಗಳೇನೋ ಬಹಳ ಸಿಕ್ಕವು. ಸಿಕ್ಕವುಗಳಲ್ಲಿ ಎಷ್ಟೋ ತಾನಾಗಿ ಕರಗಿಹೋಗಬಹುದಾಗಿದ್ದಂಥವು, ಆ ಕೂಸುಗಳಿಗೆ ಬೇಡದ ಶಸ್ತ್ರಚಿಕಿತ್ಸೆ, ಕೀಮೊ ಆದವು. ಒಂದು ವರ್ಷ ದಾಟಿದ ಮಕ್ಕಳಲ್ಲಿ ಬರುವ ಉಗ್ರ ಕಾಯಿಲೆಯ ಸಾವನ್ನು ಯೋಜನೆ ಸಾಕಷ್ಟು ತಗ್ಗಿಸಿತೆಂದು ತೋರಿಸಲಾಗಲಿಲ್ಲ. 2003ರಲ್ಲಿ ಅದನ್ನು ನಿಲ್ಲಿಸುವ ತೀರ್ಮಾನವಾಯಿತು. ನ್ಯೂರೋಬ್ಲಾಸ್ಟೋಮಾದಲ್ಲಿ ವಯಸ್ಸನ್ನು ಹಂತದ ಪಕ್ಕದಲ್ಲೇ ಬರೆಯುವುದು ಇದಕ್ಕಾಗಿಯೇ. ನಮ್ಮ ಎರಡೂವರೆ ವರ್ಷದ ಹುಡುಗನದು ಎಂ ಹಂತ, ವಯಸ್ಸು 18 ತಿಂಗಳು ದಾಟಿದೆ. ಇವೆರಡೇ ಸಾಕು, ಅವನು ಅತಿ ಅಪಾಯದ ಗುಂಪಿಗೆ ಸೇರುತ್ತಾನೆ. ಕೀಮೊ, ಶಸ್ತ್ರಚಿಕಿತ್ಸೆ, ತನ್ನದೇ ಆಕರಕೋಶಗಳ ಕಸಿ, ವಿಕಿರಣ ಹೀಗೆ ಒಂದೂವರೆ ವರ್ಷದವರೆಗೂ ನಡೆಯಬಹುದಾದ ಚಿಕಿತ್ಸೆ ಅವನದು. ಎಲ್ಲ ಸವಲತ್ತೂ ಇರುವ ದೇಶಗಳಲ್ಲೂ ಈ ಗುಂಪಿನ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳನ್ನಷ್ಟೇ ಉಳಿಸಿಕೊಳ್ಳಲು ಆಗುತ್ತಿದೆ. ಈ ಮಾತನ್ನು ತಂದೆತಾಯಿಗೆ ಮುಚ್ಚಿಡಬಾರದು.

ನಮ್ಮ ಅಂಗನವಾಡಿಗಳು ಗಮನಿಸಬೇಕಾದ ಒಂದು ಸಂಗತಿ ಇಲ್ಲಿದೆ. ಅಲ್ಲಿ ತಿಂಗಳು ತಿಂಗಳು ಮಗುವನ್ನು ತೂಗುತ್ತಾರೆ. ಹೊಟ್ಟೆಯಲ್ಲಿ ದೊಡ್ಡ ಗಡ್ಡೆ ಇರುವ ಮಗುವಿನ ತೂಕ ಸುಳ್ಳು ಹೇಳುತ್ತದೆ. ಮಗು ಸೊರಗುತ್ತಿರುತ್ತದೆ, ಗಡ್ಡೆ ಬೆಳೆಯುತ್ತಿರುತ್ತದೆ, ತಕ್ಕಡಿಯ ಮುಳ್ಳು ಮಾತ್ರ ಸರಿಯಾಗಿಯೇ ನಿಲ್ಲುತ್ತದೆ. ಅದೇ ಅಂಗನವಾಡಿಯಲ್ಲಿರುವ ತೋಳಿನ ಸುತ್ತಳತೆಯ ಪಟ್ಟಿ ಸುಳ್ಳು ಹೇಳುವುದಿಲ್ಲ. ತೂಕ ಹಸಿರು ಗೆರೆಯಲ್ಲಿದ್ದು ತೋಳು 12.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ, ಅಂಗಿ ಎತ್ತಿ ಹೊಟ್ಟೆ ನೋಡಬೇಕು. ಕ್ಯಾನ್ಸರ್ ಆಸ್ಪತ್ರೆಗಳಲ್ಲೂ ಇಂಥ ಮಕ್ಕಳ ಪೋಷಣೆಯನ್ನು ಅಳೆಯಲು ತೂಕಕ್ಕಿಂತ ತೋಳನ್ನೇ ನಂಬುತ್ತಾರೆ.

ಗಂಟು ಸಿಕ್ಕ ದಿನ ದೇವನಹಳ್ಳಿಯಲ್ಲೇ ಒಂದು ಅಲ್ಟ್ರಾಸೌಂಡ್ ಮಾಡಿಸಬಹುದು, ಬಿಪಿ ನೋಡಿಸಬಹುದು. ಅದರಾಚೆ ಸೂಜಿ ಚುಚ್ಚುವುದು, ಕೊಯ್ಯುವುದು ಯಾವುದನ್ನೂ ಮಕ್ಕಳ ಕ್ಯಾನ್ಸರ್ ತಂಡವಿಲ್ಲದ ಕಡೆ ಮಾಡಿಸಬಾರದು. ಮೊದಲ ಶಸ್ತ್ರಚಿಕಿತ್ಸೆಯಲ್ಲಿ ಕೆಟ್ಟದ್ದನ್ನು ಆಮೇಲೆ ಸರಿಮಾಡುವುದು ಕಷ್ಟ. 1973ರಲ್ಲಿ ಶುರುವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ, ಪಕ್ಕದಲ್ಲೇ ಇರುವ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಎರಡೂ ನಿಮ್ಹಾನ್ಸ್ ಬಳಿ, ಬೆಂಗಳೂರಿನ ಆ ತುದಿಯಲ್ಲಿವೆ. ದೇವನಹಳ್ಳಿಯಿಂದ ಬೆಂಗಳೂರನ್ನು ಉದ್ದಕ್ಕೂ ದಾಟಿ ಹೋಗಬೇಕು. ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು, ಹೊಟ್ಟೆಗೆ ಒತ್ತು ಬೀಳದಂತೆ ಹೋಗಿ.

ಕೊನೆಗೆ, ಒಂದು ಫೈಲು ಮಾಡಿಟ್ಟುಕೊಳ್ಳಿ. ಅದರಲ್ಲಿ ಎಲ್ಲಕ್ಕಿಂತ ಮೊದಲು ಇರಬೇಕಾದದ್ದು ಚಿಕಿತ್ಸೆಗೆ ಮುಂಚೆ ತೆಗೆದ ಮೊದಲ ಸ್ಕ್ಯಾನ್‌ನ ಸಿಡಿ. ಕೀಮೊ ಶುರುವಾದ ಮೇಲೆ ಶ್ವಾಸಕೋಶದ ಚುಕ್ಕಿಗಳು ಅಳಿಸಿಹೋಗಬಹುದು, ಗಡ್ಡೆ ಕುಗ್ಗಬಹುದು. ಕಾಯಿಲೆ ಮೊದಲು ಎಲ್ಲೆಲ್ಲಿತ್ತು ಎಂಬುದಕ್ಕೆ ಆಮೇಲೆ ಆ ಸಿಡಿ ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ಅದರ ಹಿಂದೆ ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಪೆಥಾಲಜಿ ವರದಿ, ಕೊಟ್ಟ ಔಷಧಿಗಳ ದಿನಾಂಕ ಇರಲಿ. "ಎಷ್ಟನೇ ಸ್ಟೇಜು" ಎಂದು ಮುಂದೆ ಯಾವ ಆಸ್ಪತ್ರೆಯಲ್ಲಿ ಯಾರು ಕೇಳಿದರೂ ಉತ್ತರ ನಿಮ್ಮ ನೆನಪಿನಲ್ಲಿರುವ ಒಂದು ಅಂಕಿಯಲ್ಲಿ ಇರುವುದಿಲ್ಲ, ಆ ನಾಲ್ಕು ಕಾಗದಗಳಲ್ಲಿ ಇರುತ್ತದೆ.